ಗ್ಲೂಕೋಸ್ ಬಾಟ್ಲಿಗೆ ಮುಂಚೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಆಸ್ಪತ್ರೆಗಳಲ್ಲಿ ರೋಗಿಯ ಸಂಗಡ ಬಂದವರು ಮೊದಲು ಕೇಳುವ ಮಾತು ಒಂದೇ: 'ಬಾಟ್ಲಿ ಯಾವಾಗ ಏರಸ್ತೀರಿ?' ಸುಸ್ತು, ವಾಂತಿ, ಜ್ವರ, ಬಿಸಿಲಿನ ಬಳಲಿಕೆ ಯಾವುದಕ್ಕೇ ಬಂದಿರಲಿ, ಮೊಳೆಗೆ ತೂಗುಹಾಕಿದ ಬಾಟ್ಲಿಯಿಂದ ಹನಿ ಬೀಳತೊಡಗಿದ ಮೇಲೆಯೇ ಮನೆಯವರಿಗೆ ಉಸಿರು ಬರುವುದು. ಹೆಚ್ಚಿನ ವೇಳೆ ಅದು ಉಪ್ಪು ಮತ್ತು ಗ್ಲೂಕೋಸ್ ಬೆರೆತ ಡಿಎನ್‌ಎಸ್. ಅರ್ಧ ಲೀಟರಿನಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ. ಹೆಚ್ಚಿನವರಿಗೆ ಅದರಿಂದ ಕೆಡುಕೇನಿಲ್ಲ. ಆದರೆ ವರ್ಷಗಟ್ಟಲೆ ಕುಡಿದು, ವಾರಗಟ್ಟಲೆ ಉಣ್ಣದೆ, ಎಲುಬು ಎಣಿಸುವಂತಾಗಿ ಬಂದವನಿಗೆ ಬಾಟ್ಲಿಯ ಮುಂಚೆ, ಇಲ್ಲವೇ ಅದರ ಜೊತೆಗೇ, ಇನ್ನೊಂದು ಒಳಗೆ ಹೋಗಬೇಕು. ಅದು ಥಯಾಮಿನ್, ಅಂದರೆ ಬಿ1 ಜೀವಸತ್ವ. ಬೆಲೆಯಲ್ಲಿ ತೀರಾ ಅಗ್ಗ. ಮರೆತರೆ ಮಾತ್ರ ಮನುಷ್ಯ ಬದುಕಿಯೂ ತನ್ನ ಮಗಳ ಮದುವೆ ಆಯಿತೋ ಇಲ್ಲವೋ ನೆನಪಿಲ್ಲದವನಾಗಿ ಉಳಿದುಬಿಡಬಹುದು.

ಒಬ್ಬ ರೋಗಿಯ ಜೊತೆಗೇ ಹೋಗಿ ಇದನ್ನು ನೋಡೋಣ. ಈತ ಯಾರೊಬ್ಬರೂ ಅಲ್ಲ. ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವುದನ್ನೆಲ್ಲ ಸೇರಿಸಿ, ತಿಳಿಯಲೆಂದು ಕಟ್ಟಿಕೊಂಡ ಚಿತ್ರ. ವಯಸ್ಸು 46. ಕೂಡ್ಲಿಗಿ ತಾಲ್ಲೂಕಿನ ಹಳ್ಳಿಯವನು, ಶೇಂಗಾ ಮೂಟೆ ಹೊರುವ ಹಮಾಲಿ. ಬೇಸಿಗೆಯ ಒಂದು ಬೆಳಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೆಂಡತಿ ಮತ್ತು ತಮ್ಮ ಇಬ್ಬರೂ ರಟ್ಟೆ ಹಿಡಿದು ಕರೆತಂದಿದ್ದಾರೆ. ಎತ್ತರ 164 ಸೆಂಟಿಮೀಟರ್, ತೂಕ 39 ಕಿಲೊ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸೂಚ್ಯಂಕ 14.5. ಅದು 18.5ಕ್ಕಿಂತ ಕಡಿಮೆ ಇದ್ದರೆ ಕೃಶ ಎನ್ನುತ್ತಾರೆ, 16ಕ್ಕಿಂತ ಕೆಳಗಿದ್ದರೆ ತೀವ್ರ ಅಪೌಷ್ಟಿಕತೆ.

'ಎಷ್ಟು ಕುಡಿತಾರಮ್ಮ?' ಎಂದು ವೈದ್ಯರು ಕೇಳಿದರೆ ಮೊದಲು ಬರುವ ಉತ್ತರ 'ಸ್ವಲ್ಪ ಸಾರ್'. ಈ ಪ್ರಶ್ನೆಯನ್ನು ಅಲ್ಲಿಗೆ ಬಿಡಬಾರದು. ನೈಂಟಿಯೋ ಕ್ವಾರ್ಟರೋ, ದಿನಕ್ಕೆ ಎಷ್ಟು, ಬೆಳಗ್ಗೆ ಎದ್ದೊಡನೆ ಬೇಕೋ ಎಂದು ಬಿಡಿಸಿ ಕೇಳಬೇಕು. ಕೇಳಿದಾಗ ಹೊರಬಿದ್ದದ್ದು: ದಿನಕ್ಕೆ ಎರಡು ಕ್ವಾರ್ಟರ್, ಹತ್ತು ಹನ್ನೆರಡು ವರ್ಷದಿಂದ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಪಾಕೀಟು ಹೋಗಿ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂತು. ಎರಡು ಕ್ವಾರ್ಟರ್ ಅಂದರೆ 360 ಎಂಎಲ್. ಅದರಲ್ಲಿರುವ ಶುದ್ಧ ಮದ್ಯಸಾರ ಸುಮಾರು 120 ಗ್ರಾಂ, ಅದರಿಂದ ಸಿಗುವ ಶಕ್ತಿ ಸುಮಾರು 850 ಕ್ಯಾಲೊರಿ. ಹೊಟ್ಟೆ ತುಂಬಿದಂತೆ ಅನ್ನಿಸುವುದಕ್ಕೆ ಅದು ಸಾಕು. ಬಿ1 ಮಾತ್ರ ಅದರಲ್ಲಿ ಸೊನ್ನೆ.

ಎರಡನೆಯ ಪ್ರಶ್ನೆ ಊಟದ್ದು. 'ಉಣ್ಣಾದು ಬಿಟ್ಟು ಹದಿನೈದು ಇಪ್ಪತ್ತು ದಿನ ಆತು ಸಾರ್. ಚಾ ಕುಡಿತಾರ, ಒಂದು ತುತ್ತು ಅನ್ನ. ಅದೂ ವಾಂತಿ.' ಆಮೇಲೆ ಹೆಂಡತಿ ಯಾರೂ ಕೇಳದೆಯೇ ಹೇಳಿದ ಮಾತಿದೆ. ಇಡೀ ಪ್ರಕರಣದ ಕೀಲಿ ಅದರಲ್ಲಿದೆ: 'ಮೂರು ದಿನ ಆತ್ರಿ ಕುಡಿದಿಲ್ಲ. ಕುಡೀದಿದ್ರೂ ತೂರಾಡ್ತಾರ.'

ಕುಡಿದವನು ತೂರಾಡಿದರೆ ಯಾರೂ ತಿರುಗಿ ನೋಡುವುದಿಲ್ಲ, ತೊದಲಿದರೂ ಅಷ್ಟೇ. ಹೊತ್ತು ಗೊತ್ತಿಲ್ಲದೆ ಮಾತಾಡಿದರೆ 'ಇನ್ನೂ ಇಳಿದಿಲ್ಲ, ಮಲಗಲಿ ಬಿಡಿ' ಎನ್ನುತ್ತಾರೆ. ಥಯಾಮಿನ್ ಕೊರತೆ ಮೆದುಳಿಗೆ ಮಾಡುವ ಹಾನಿಯೂ ಹೊರಗೆ ಕಾಣುವುದು ಹೀಗೆಯೇ: ತೂರಾಟ, ಗೊಂದಲ, ಕಣ್ಣಿನ ದೋಷ. ನಿಶೆಯ ವೇಷದಲ್ಲೇ ಬರುವ ಕಾಯಿಲೆ ಇದು. ಹೀಗಾಗಿ ಅತಿ ಸುಲಭವಾಗಿ ತಪ್ಪಿಹೋಗುತ್ತದೆ.

ಇದನ್ನು ಮೊದಲು ಬರೆದಿಟ್ಟವರು ಜರ್ಮನಿಯ ಕಾರ್ಲ್ ವೆರ್ನಿಕೆ, 1881ರಲ್ಲಿ. ಅವರು ವಿವರಿಸಿದ ಮೂವರಲ್ಲಿ ಇಬ್ಬರು ವಿಪರೀತ ಕುಡಿಯುತ್ತಿದ್ದ ಗಂಡಸರು. ಮೂರನೆಯವಳು ಕುಡುಕಿಯಲ್ಲ. ಗಂಧಕಾಮ್ಲ ನುಂಗಿ, ಬಳಿಕ ವಾಂತಿ ನಿಲ್ಲದೆ ಏನೂ ಉಣ್ಣಲಾರದೆ ಹೋದ ತರುಣಿ. ಮೂವರೂ ತೀರಿಕೊಂಡರು. ಆ ಹೆಣ್ಣುಮಗಳ ಪ್ರಕರಣದಲ್ಲೇ ಉತ್ತರ ಅಡಗಿತ್ತು. ನೇರ ಕಾರಣ ಮದ್ಯವಲ್ಲ, ಒಳಗೆ ಸೇರದೇ ಹೋದ ಯಾವುದೋ ವಸ್ತು. ಅದಕ್ಕೆ ಆಗ ಹೆಸರೇ ಇರಲಿಲ್ಲ. ಥಯಾಮಿನ್ ಹರಳುಗಳನ್ನು ಬೇರ್ಪಡಿಸಿದ್ದು 1926ರಲ್ಲಿ, ಪ್ರಯೋಗಾಲಯದಲ್ಲಿ ತಯಾರಿಸಿದ್ದು 1936ರಲ್ಲಿ.

ನಮ್ಮ ದೇಹಕ್ಕೆ ದಿನಕ್ಕೆ ಬೇಕಾದ ಥಯಾಮಿನ್ ಒಂದರಿಂದ ಒಂದೂವರೆ ಮಿಲಿಗ್ರಾಂ ಅಷ್ಟೇ. ಕೂಡಿಟ್ಟುಕೊಳ್ಳುವುದೂ ಅಲ್ಪ, ಇಡೀ ಮೈಯಲ್ಲಿ 25ರಿಂದ 30 ಮಿಲಿಗ್ರಾಂ. ಒಳಬರುವುದು ನಿಂತರೆ ಮೂರು ನಾಲ್ಕು ವಾರದಲ್ಲಿ ಗಂಟು ಕರಗುತ್ತದೆ. ಗ್ಲೂಕೋಸನ್ನು ಸುಟ್ಟು ಶಕ್ತಿ ತೆಗೆಯುವ ದಾರಿಯಲ್ಲಿ ಕೆಲವು ಕಿಣ್ವಗಳಿವೆ, ಅವು ಥಯಾಮಿನ್ ಇಲ್ಲದೆ ನಡೆಯುವುದಿಲ್ಲ. ಗಾಳಿಯಾಡದ ಒಲೆಗೆ ಸೌದೆ ತುರುಕಿದರೆ ಉರಿ ಬರದೆ ಹೊಗೆ ತುಂಬುತ್ತದಲ್ಲ, ಹಾಗೆ ಥಯಾಮಿನ್ ಇಲ್ಲದ ಜೀವಕೋಶಕ್ಕೆ ಗ್ಲೂಕೋಸ್ ಸುರಿದರೆ ಶಕ್ತಿ ಹುಟ್ಟದೆ ಲ್ಯಾಕ್ಟಿಕ್ ಆಮ್ಲ ಕೂಡುತ್ತದೆ. ಮೊದಲು ಸೋಲುವುದು ಹಗಲಿರುಳೂ ಗ್ಲೂಕೋಸನ್ನೇ ನೆಚ್ಚಿದ ಮೆದುಳು. ಅದರಲ್ಲೂ ಕಣ್ಣಿನ ಚಲನೆ, ನಡಿಗೆಯ ಸಮತೋಲನ ಮತ್ತು ನೆನಪನ್ನು ನೋಡಿಕೊಳ್ಳುವ ಕೆಲವು ಪುಟ್ಟ ಭಾಗಗಳು.

ಒಂದು ಬಾಟ್ಲಿ ಗ್ಲೂಕೋಸ್ ಹೋದೊಡನೆ ಎಲ್ಲರಿಗೂ ಹೀಗಾಗುತ್ತದೆ ಎಂದು ಹೆದರಿಸಲು ನಾನು ಇದನ್ನು ಬರೆಯುತ್ತಿಲ್ಲ. ಅದಕ್ಕೆ ಪುರಾವೆ ಕಡಿಮೆ. ಥಯಾಮಿನ್ ಕೊಡದೆ ಗಂಟೆಗಟ್ಟಲೆ, ದಿನಗಟ್ಟಲೆ ಗ್ಲೂಕೋಸ್ ಏರಿಸುತ್ತಾ ಹೋದಾಗ ಅಂಚಿನಲ್ಲಿದ್ದ ರೋಗಿ ಜಾರಿಬಿದ್ದ ವರದಿಗಳು ವೈದ್ಯಸಾಹಿತ್ಯದಲ್ಲಿವೆ. ನಮ್ಮ ಕಡೆ ಮಾಡುವುದು ಸಾಮಾನ್ಯವಾಗಿ ಅದನ್ನೇ: ಒಂದಾದ ಮೇಲೆ ಒಂದು ಬಾಟ್ಲಿ.

ಈ ಸೀಮೆಯ ಊಟದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಬೇರಿಬೇರಿ ಎಂಬ ಥಯಾಮಿನ್ ಕೊರತೆಯ ಕಾಯಿಲೆ ಹಿಂದೆ ಕಾಡಿದ್ದು ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಯನ್ನೇ ಉಣ್ಣುವ ನಾಡುಗಳನ್ನು. ನಮ್ಮಲ್ಲಿ ಆಂಧ್ರದ ಕರಾವಳಿ ಅದಕ್ಕೆ ಹೆಸರಾಗಿತ್ತು. ಕೂಡ್ಲಿಗಿ, ಹರಪನಹಳ್ಳಿಯ ಮಳೆ ನಂಬಿದ ಹೊಲಗಳು ಬೆಳೆಯುವುದು ಜೋಳ, ಸಜ್ಜೆ, ನವಣೆ, ಶೇಂಗಾ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಥಯಾಮಿನ್ 0.05 ಮಿಲಿಗ್ರಾಂ ಇದ್ದರೆ ಅಷ್ಟೇ ಜೋಳದಲ್ಲಿ ಅದರ ಏಳು ಪಟ್ಟು ಇದೆ, ಶೇಂಗಾದಲ್ಲಿ ಇನ್ನೂ ಹೆಚ್ಚು. ಎರಡು ಹೊತ್ತು ಜೋಳದ ರೊಟ್ಟಿ, ಕಾಳಿನ ಪಲ್ಯ, ಮೇಲೆ ಶೇಂಗಾ ಚಟ್ನಿಪುಡಿ ಉಂಡವನಿಗೆ ಈ ಕೊರತೆ ಬರಲು ಕಾರಣವೇ ಇಲ್ಲ. ನಮ್ಮ ಹಮಾಲಿ ಬೆನ್ನ ಮೇಲೆ ಹೊತ್ತದ್ದು ಬಿ1 ತುಂಬಿದ ಮೂಟೆಗಳನ್ನೇ. ಹೊಟ್ಟೆಗೆ ಹೋದದ್ದು ವಿಸ್ಕಿ, ಉಪ್ಪಿನಕಾಯಿ, ಒಂದು ಹಿಡಿ ರೇಷನ್ ಅಕ್ಕಿಯ ಅನ್ನ. ಅದರ ಮೇಲೆ ಮದ್ಯ ಇನ್ನೊಂದು ಕೆಲಸ ಮಾಡುತ್ತದೆ. ಕರುಳು ಥಯಾಮಿನ್ ಹೀರಿಕೊಳ್ಳುವ ಶಕ್ತಿಯನ್ನೇ ಕುಗ್ಗಿಸುತ್ತದೆ, ಯಕೃತ್ತು ಅದನ್ನು ಹಿಡಿದಿಟ್ಟುಕೊಳ್ಳದಂತೆ ಮಾಡುತ್ತದೆ. ಹೀಗಾಗಿ ಇಂಥವನಿಗೆ ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದುಕೊಟ್ಟು ಕಳಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಮಾತ್ರೆ ಬಾಯಿಗೆ ಹೋಗುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ.

ಈಗ ಹಾಸಿಗೆಯ ಪಕ್ಕಕ್ಕೆ ಬರೋಣ. ಸಿಸ್ಟರ್ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದರು: 92. ಅಂದರೆ ಗ್ಲೂಕೋಸಿಗೆ ಅವಸರವಿಲ್ಲ. ಈ ಒಂದು ನಿಮಿಷದ ಪರೀಕ್ಷೆ ಬಹಳ ಮುಖ್ಯ. ಸಕ್ಕರೆ 40ಕ್ಕೆ ಇಳಿದಿದ್ದರೆ ಮಾತೇ ಬೇರೆ. ಆಗ ಥಯಾಮಿನ್ ಸಿಗಲಿ ಎಂದು ಗ್ಲೂಕೋಸ್ ತಡೆಹಿಡಿಯುವುದು ದೊಡ್ಡ ತಪ್ಪು, ಏಕೆಂದರೆ ಸಕ್ಕರೆ ಇಲ್ಲದೆಯೂ ಮೆದುಳು ಸಾಯುತ್ತದೆ. ಎರಡನ್ನೂ ಒಟ್ಟಿಗೆ ಕೊಡಬೇಕು. ನಿಯಮವನ್ನು ಅರ್ಧ ಕಲಿತವರು ಎಡವುವುದು ಇಲ್ಲೇ.

ವೈದ್ಯರು ಪೆನ್ನೊಂದನ್ನು ರೋಗಿಯ ಮುಖದ ಮುಂದೆ ಹಿಡಿದು ಎಡಕ್ಕೂ ಬಲಕ್ಕೂ ನಿಧಾನವಾಗಿ ಸರಿಸಿದರು. ಕಣ್ಣಾಲಿಗಳು ಕೊನೆಯವರೆಗೂ ಹೋಗಲಿಲ್ಲ. ಹೋದಷ್ಟು ದೂರದಲ್ಲಿ ನಿಲ್ಲದೆ ಗಡಗಡನೆ ಅದುರಿದವು. ಎಬ್ಬಿಸಿ ಕೂರಿಸಿದಾಗ ಕೂರಲಾರದೆ ವಾಲಿದ. ನಿಂತರೆ ಕಾಲು ಅಗಲಿಸಿ ಗೋಡೆ ಹಿಡಿಯುತ್ತಾನೆ. ತೂರಾಡುವವನನ್ನು ಮಂಚದಿಂದ ಇಳಿಸಿ ಎರಡು ಹೆಜ್ಜೆ ನಡೆಸಿ ನೋಡುವ ಗೋಜಿಗೆ ಯಾರೂ ಹೋಗದಿರುವುದರಿಂದಲೇ ಈ ಲಕ್ಷಣ ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ. ಮಲಗಿದವನ ಕೈಕಾಲಿನ ಬಲ ಸರಿಯಾಗಿಯೇ ಇರುತ್ತದೆ.

ಇನ್ನು ನೆನಪು. 'ಇವತ್ತು ತಾರೀಕು ಎಷ್ಟು?' ಎಂದರೆ ಊರಿನಲ್ಲಿ ಆರೋಗ್ಯವಂತರಿಗೂ ಕಷ್ಟ. ಈ ಭಾಗದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆಗಳಿವೆ. ಕೊಟ್ಟೂರ ತೇರು ಆಯಿತಾ? ಈ ವರ್ಷ ಮೈಲಾರದ ಕಾರ್ಣಿಕ ಏನು ನುಡಿಯಿತು? ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿದ ಮಾತನ್ನು ಮಳೆ ಬೆಳೆ ನಂಬಿದ ಯಾವ ಮನೆಯವರೂ ತಿಂಗಳುಗಟ್ಟಲೆ ಮರೆಯುವುದಿಲ್ಲ. ನಮ್ಮ ರೋಗಿ 'ತೇರು ಇನ್ನೂ ಆಗಬೇಕು' ಎಂದ. ತೇರು ಎಳೆದು ಎರಡು ತಿಂಗಳಾಗಿತ್ತು. ಹೆಂಡತಿ ತಲೆ ತಗ್ಗಿಸಿದಳು.

ಪುಸ್ತಕಗಳಲ್ಲಿ ಕಣ್ಣು, ನಡಿಗೆ, ಗೊಂದಲ ಈ ಮೂರೂ ಕೂಡಿದರೆ ವೆರ್ನಿಕೆ ಕಾಯಿಲೆ ಎಂದು ಬರೆದಿರುತ್ತದೆ. ಮೂರೂ ಕೂಡಲಿ ಎಂದು ಕಾಯುವುದು ಅಪಾಯ. 1986ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ವೈದ್ಯರು ಮರಣೋತ್ತರ ಪರೀಕ್ಷೆಯಲ್ಲಿ ಈ ಕಾಯಿಲೆ ಖಚಿತವಾದ 131 ಮಂದಿಯ ದಾಖಲೆ ತೆಗೆದು ನೋಡಿದರು. ಬದುಕಿದ್ದಾಗ ಕಾಯಿಲೆ ಗುರುತಿಸಿದ್ದು ಐವರಲ್ಲಿ ಒಬ್ಬರಿಗೆ ಮಾತ್ರ. ಮೂರೂ ಲಕ್ಷಣ ಇದ್ದದ್ದು ನೂರಕ್ಕೆ 16 ಜನರಲ್ಲಿ. ದಾಖಲೆಯಲ್ಲಿ ಮೂರರಲ್ಲಿ ಒಂದೂ ಕಾಣದವರು ನೂರಕ್ಕೆ 19. ಆ ದೇಶ 1991ರಲ್ಲಿ ಬ್ರೆಡ್ಡಿನ ಹಿಟ್ಟಿಗೆ ಥಯಾಮಿನ್ ಬೆರೆಸುವುದನ್ನು ಕಡ್ಡಾಯ ಮಾಡಿತು.

1997ರಲ್ಲಿ ಕೇನ್ ಮತ್ತು ಸಂಗಡಿಗರು ಅಳತೆಗೋಲನ್ನು ಸಡಿಲಗೊಳಿಸಿದರು. ಕುಡಿತ ಹೆಚ್ಚಿರುವವನಲ್ಲಿ ನಾಲ್ಕರಲ್ಲಿ ಎರಡು ಕಂಡರೆ ಸಾಕು: ಊಟದ ಕೊರತೆ, ಕಣ್ಣಿನ ದೋಷ, ಸಮತೋಲನ ತಪ್ಪುವುದು, ಗೊಂದಲ ಇಲ್ಲವೇ ಸಣ್ಣ ಮಟ್ಟದ ಮರೆವು. ತಾಲ್ಲೂಕು ಆಸ್ಪತ್ರೆಗೆ ಇದಕ್ಕಿಂತ ಒದಗುವ ಉಪಕರಣ ನನಗೆ ಕಾಣದು. ಒಂದು ಪೆನ್ನು, ನಾಲ್ಕು ಹೆಜ್ಜೆ ನೆಲ, ಎರಡು ಪ್ರಶ್ನೆ, ತೂಕದ ಯಂತ್ರ ಇದ್ದರೆ ಆಯಿತು. ನಮ್ಮ ರೋಗಿಗೆ ನಾಲ್ಕಕ್ಕೆ ನಾಲ್ಕೂ ಇವೆ. ಆದರೆ ಕೃಶನಾಗಿದ್ದು ಬರೀ ನಡಿಗೆ ತಪ್ಪಿದವನಿಗೂ ಇದೇ ಚಿಕಿತ್ಸೆ ಸಲ್ಲಬೇಕು.

ರಕ್ತದಲ್ಲಿ ಥಯಾಮಿನ್ ಅಳೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಅಳೆಯಬಹುದು, ಆದರೆ ಮಾದರಿ ದೊಡ್ಡ ಊರಿನ ಪ್ರಯೋಗಾಲಯಕ್ಕೆ ಹೋಗಿ ಉತ್ತರ ಬರುವಷ್ಟರಲ್ಲಿ ದಿನಗಳು ಉರುಳುತ್ತವೆ. ಎಂಆರ್‌ಐಯಲ್ಲಿ ಕಲೆ ಕಂಡರೆ ಕಾಯಿಲೆ ಬಹುತೇಕ ಖಚಿತ. ಕಾಣದಿದ್ದರೆ ಕಾಯಿಲೆ ಇಲ್ಲ ಎಂದು ಹೇಳಲಾಗದು, ಏಕೆಂದರೆ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ ಅದು ಏನನ್ನೂ ತೋರಿಸುವುದಿಲ್ಲ. ಕೂಡ್ಲಿಗಿಯಿಂದ ಸ್ಕ್ಯಾನಿಂಗಿಗೆಂದು ಬಳ್ಳಾರಿಗೆ ಕಳಿಸಿ, ಅಲ್ಲಿಯವರೆಗೆ ಥಯಾಮಿನ್ ತಡೆಹಿಡಿದರೆ ಕಳೆದುಹೋಗುವುದು ಉಳಿಯಬಹುದಾಗಿದ್ದ ನೆನಪು. ಇಲ್ಲಿ ಚಿಕಿತ್ಸೆಯೇ ಪರೀಕ್ಷೆ: ಕೊಟ್ಟು ನೋಡಬೇಕು.

ಹಾಗೆಂದು ಗೊಂದಲಕ್ಕೆ ಬೇರೆ ಕಾರಣ ಇರಲಾರದು ಎಂದಲ್ಲ. ಬಿದ್ದು ತಲೆಯೊಳಗೆ ರಕ್ತ ಕಟ್ಟಿರಬಹುದು, ಯಕೃತ್ತು ಸೋತಿರಬಹುದು, ಸೋಡಿಯಂ ಇಳಿದಿರಬಹುದು, ನ್ಯುಮೋನಿಯಾ ಇರಬಹುದು. ಅವನ್ನೆಲ್ಲ ಹುಡುಕುತ್ತಲೇ ಥಯಾಮಿನ್ ಶುರು ಮಾಡಬೇಕು. ಕುಡಿತ ತಟಕ್ಕನೆ ನಿಂತಾಗ ಬರುವ ಕಂಪನ, ಬೆವರು, ಇಲ್ಲದ್ದು ಕಾಣಿಸುವ ಸನ್ನಿ ಈ ಮೂರನೆಯ ದಿನದಲ್ಲೇ ಏರುವುದುಂಟು. ನಮ್ಮ ರೋಗಿಯ ಕೈಯೂ ನಡುಗುತ್ತಿತ್ತು, ಅದಕ್ಕೆ ಲೊರಾಜೆಪಾಮ್ ಬೇರೆಯಾಗಿ ಬೇಕಾಯಿತು. ಲೊರಾಜೆಪಾಮ್ ಸನ್ನಿಯನ್ನು ತಡೆಯುತ್ತದೆ, ಥಯಾಮಿನ್ ಕೊರತೆಯನ್ನು ಮುಟ್ಟುವುದೂ ಇಲ್ಲ. ಅದನ್ನು ಕೊಟ್ಟು ರೋಗಿ ಮಲಗಿದ ಎಂದು ನೆಮ್ಮದಿಯಾಗಿ ಕೂತರೆ ಒಳಗಿನ ಹಾನಿ ಮುಂದುವರಿಯುತ್ತಲೇ ಇರುತ್ತದೆ.

ಈಗ ಪ್ರಮಾಣದ ಮಾತು. ವೆರ್ನಿಕೆ ಇದೆ, ಇಲ್ಲವೇ ಇರಬಹುದು ಎನಿಸಿದ ರೋಗಿಗೆ ಬ್ರಿಟನ್ನಿನ ತಜ್ಞರು 2002ರಲ್ಲಿ ಹೇಳಿದ್ದು ಒಂದು ಸಲಕ್ಕೆ 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ರಕ್ತನಾಳದ ಮೂಲಕ, ಮೂರು ದಿನ. ಗುಣ ಕಂಡರೆ ಆಮೇಲೆ ದಿನಕ್ಕೊಮ್ಮೆ 250 ಮಿಲಿಗ್ರಾಂ, ಇನ್ನೈದು ದಿನ. ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುವ ಎರಡು ಎಂಎಲ್ ಆಂಪೂಲ್ ಆದರೆ ಒಂದು ಡೋಸಿಗೆ ಎರಡೂವರೆ ಆಂಪೂಲ್ ಒಡೆಯಬೇಕು, ದಿನಕ್ಕೆ ಏಳೂವರೆ. ಅದನ್ನು 100 ಎಂಎಲ್ ನಾರ್ಮಲ್ ಸಲೈನಿಗೆ ಬೆರೆಸಿ ಅರ್ಧ ಗಂಟೆಯಲ್ಲಿ ಹರಿಸುತ್ತಾರೆ. ಡಿಎನ್‌ಎಸ್ ಅಲ್ಲ, ಬರೀ ಉಪ್ಪುನೀರಿನ ಸಲೈನ್. ಲಕ್ಷಣ ಇನ್ನೂ ಕಾಣದ, ಆದರೆ ಕುಡಿತ ಮತ್ತು ಅಪೌಷ್ಟಿಕತೆ ಎರಡೂ ಇರುವ ರೋಗಿಗೆ ಮುನ್ನೆಚ್ಚರಿಕೆಯಾಗಿ ದಿನಕ್ಕೊಮ್ಮೆ 250 ಮಿಲಿಗ್ರಾಂ ಇಂಜೆಕ್ಷನ್, ಮೂರರಿಂದ ಐದು ದಿನ.

ದಿನಕ್ಕೆ ಒಂದೂವರೆ ಮಿಲಿಗ್ರಾಂ ಸಾಕಾದ ದೇಹಕ್ಕೆ ಸಾವಿರದೈನೂರು ಏಕೆ? ಖಾಲಿಯಾದ ಮೆದುಳಿನೊಳಗೆ ಬೇಗ ನುಗ್ಗಬೇಕಾದರೆ ರಕ್ತದಲ್ಲಿ ಅದರ ಮಟ್ಟ ಬಹಳ ಏರಬೇಕು. ಆದರೆ ಇದೇ ಪ್ರಮಾಣ ಸರಿ ಎಂದು ಯಾವ ಪರೀಕ್ಷೆಯೂ ಸಾಬೀತು ಮಾಡಿಲ್ಲ ಎಂಬುದನ್ನು ಮುಚ್ಚಿಡಬಾರದು. ಯುರೋಪಿನ ನರತಜ್ಞರು 2010ರಲ್ಲಿ ಹೇಳಿದ್ದು 200 ಮಿಲಿಗ್ರಾಂ, ಮೂರು ಹೊತ್ತು. 2022ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರೀಕ್ಷೆಯೊಂದರಲ್ಲಿ ಕಡಿಮೆ ಮತ್ತು ಹೆಚ್ಚು ಪ್ರಮಾಣಗಳ ನಡುವೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ನನ್ನ ತೀರ್ಮಾನ ಹೀಗಿದೆ: ಔಷಧ ಅಗ್ಗ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ತೀವ್ರ ಅಲರ್ಜಿ ಬಹಳ ಅಪರೂಪ. ಕಡಿಮೆ ಕೊಟ್ಟು ತಪ್ಪಿದರೆ ಹೋದ ನೆನಪು ತಿರುಗಿ ಬರುವುದಿಲ್ಲ. ಹಾಗಿರುವಾಗ ಹೆಚ್ಚಿನ ಪ್ರಮಾಣದ ಕಡೆಗೇ ವಾಲುವುದು ಸರಿ. ಅಲರ್ಜಿಯ ಭಯಕ್ಕೆ ಮದ್ದು, ಅರ್ಧ ಗಂಟೆ ನಿಧಾನವಾಗಿ ಹರಿಸುವುದು ಮತ್ತು ಅಡ್ರಿನಲಿನ್ ಕೈಗೆಟುಕುವಲ್ಲಿ ಇಟ್ಟುಕೊಳ್ಳುವುದು.

ಒಂದು ತಪ್ಪು ನಂಬಿಕೆಯನ್ನು ಇಲ್ಲೇ ಬಿಡಿಸಬೇಕು. 'ಹಳದಿ ಬಾಟ್ಲಿ' ಏರಿಸಿದೆವಲ್ಲ, ಅದರಲ್ಲೇ ವಿಟಮಿನ್ ಇದೆಯಲ್ಲ ಎನ್ನುತ್ತಾರೆ. ಆ ಹಳದಿ ಬಣ್ಣ ಬರುವುದು ಬಿ2 ಜೀವಸತ್ವದಿಂದ. ಬಾಟ್ಲಿ ಎಷ್ಟು ಹಳದಿ ಎಂಬುದರಿಂದ ಬಿ1 ಎಷ್ಟಿದೆ ಎಂದು ತಿಳಿಯದು. ಬೆರಕೆ ಇಂಜೆಕ್ಷನ್‌ಗಳಲ್ಲಿ ಥಯಾಮಿನ್ ಪ್ರಮಾಣ ಒಂದೊಂದರಲ್ಲಿ ಒಂದೊಂದು ಥರ, ಅತಿ ಹೆಚ್ಚು ಎಂದರೂ ಈ ಚಿಕಿತ್ಸೆಗೆ ಬೇಕಾದುದರ ಒಂದಂಶ. ಆಂಪೂಲಿನ ಮೇಲೆ ಥಯಾಮಿನ್ ಎದುರು ಬರೆದ ಮಿಲಿಗ್ರಾಂ ಓದಿ ಲೆಕ್ಕ ಹಾಕುವುದೊಂದೇ ದಾರಿ.

ನಮ್ಮ ರೋಗಿಯ ಕಣ್ಣು ಮರುದಿನವೇ ಎರಡೂ ಕೊನೆಗೆ ಹೊರಳತೊಡಗಿತು. ಮೊದಲು ತಿರುಗಿ ಬರುವುದು ಕಣ್ಣೇ, ಗಂಟೆಗಳಲ್ಲಿ ಇಲ್ಲವೇ ಒಂದೆರಡು ದಿನದಲ್ಲಿ. ಅದುರಾಟ ಮಾತ್ರ ಎಷ್ಟೋ ಮಂದಿಗೆ ಸ್ವಲ್ಪ ಉಳಿದುಬಿಡುತ್ತದೆ. ನಡಿಗೆಗೆ ದಿನ, ವಾರ ಹಿಡಿಯುತ್ತದೆ. ಎರಡು ದಿನ ಪೂರ್ಣ ಪ್ರಮಾಣ ಕೊಟ್ಟರೂ ಏನೂ ಬದಲಾಗದಿದ್ದರೆ ಒಂದನ್ನು ಕೇಳಿಕೊಳ್ಳಬೇಕು: ಮೆಗ್ನೀಸಿಯಂ ನೋಡಿದಿರಾ? ಗ್ಲೂಕೋಸ್ ಸುಡುವ ಆ ಕಿಣ್ವಗಳಿಗೆ ಥಯಾಮಿನ್ ಜೊತೆ ಮೆಗ್ನೀಸಿಯಂ ಕೂಡ ಬೇಕು. ಕುಡಿತ, ವಾಂತಿ, ಭೇದಿ ಎಲ್ಲವೂ ಅದನ್ನು ಖಾಲಿ ಮಾಡುತ್ತವೆ. ಮೂತ್ರಪಿಂಡ ಸರಿಯಿದೆಯೇ ನೋಡಿಕೊಂಡು ಅದನ್ನೂ ರಕ್ತನಾಳದಿಂದ ತುಂಬಿಕೊಡಬೇಕಾಗುತ್ತದೆ.

ಮೂರನೆಯ ದಿನ ಇನ್ನೊಂದು ಅಪಾಯ ಹಾಸಿಗೆಯ ಹತ್ತಿರ ಬರುತ್ತದೆ, ಅದೂ ಪ್ರೀತಿಯ ರೂಪದಲ್ಲಿ. ವಾಂತಿ ನಿಂತಿದೆ, ರೋಗಿ ಹಸಿವು ಎನ್ನುತ್ತಾನೆ. ತಾಯಿ ಬುತ್ತಿ ಬಿಚ್ಚುತ್ತಾಳೆ: ಅನ್ನ, ಸಾರು, ಬಾಳೆಹಣ್ಣು, ಜೊತೆಗೆ ಗ್ಲೂಕೋಸ್ ಪುಡಿಯ ಪಾನಕ. 'ಇಪ್ಪತ್ತು ದಿನದಿಂದ ಉಂಡಿಲ್ಲ ನನ್ನ ಮಗ, ಹೊಟ್ಟೆ ತುಂಬ ಉಣ್ಣಲಿ.' ಹಸಿದು ಒಣಗಿದ ಮೈಗೆ ತಟಕ್ಕನೆ ಊಟ ಸುರಿದರೆ ರಕ್ತದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗಿ ರಕ್ತದಲ್ಲಿ ಕುಸಿಯುತ್ತವೆ, ಉಳಿದ ಥಯಾಮಿನ್ ಕೂಡ ಖರ್ಚಾಗುತ್ತದೆ. ಕಾಲು ಊದುವುದು, ಉಸಿರು ಕಟ್ಟುವುದು, ಎದೆ ಬಡಿತ ತಪ್ಪುವುದು, ಮತ್ತೆ ಗೊಂದಲ ಕವಿಯುವುದು ಇದರ ಗುರುತು. ಜೀವವೂ ಹೋದದ್ದುಂಟು. ಇಷ್ಟು ಕೃಶನಾದವನಿಗೆ ಮೊದಲ ದಿನಗಳಲ್ಲಿ ಕಿಲೊ ತೂಕಕ್ಕೆ 10 ಕ್ಯಾಲೊರಿಯಿಂದ ಶುರು ಮಾಡಿ, ನಾಲ್ಕರಿಂದ ಏಳು ದಿನದಲ್ಲಿ ಪೂರ್ತಿ ಊಟಕ್ಕೆ ಏರಿಸಿ ಎನ್ನುತ್ತದೆ ಬ್ರಿಟನ್ನಿನ 2006ರ ಮಾರ್ಗಸೂಚಿ. 39 ಕಿಲೊದವನಿಗೆ ಅದು ದಿನಕ್ಕೆ ಸುಮಾರು 400 ಕ್ಯಾಲೊರಿ. ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಗಂಜಿ, ಹಾಲು, ಬೇಳೆಕಟ್ಟು. ದಿನವೂ ರಂಜಕ, ಪೊಟ್ಯಾಸಿಯಂ ಪರೀಕ್ಷೆ. ತಾಯಿಗೆ ಇದನ್ನು ಕೂರಿಸಿಕೊಂಡು ಬಿಡಿಸಿ ಹೇಳಬೇಕು. ಹೇಳದಿದ್ದರೆ ಆಸ್ಪತ್ರೆಯವರು ಮಗನನ್ನು ಉಪವಾಸ ಕೆಡವಿದರು ಎಂದೇ ಅವಳು ತಿಳಿಯುತ್ತಾಳೆ. ಅವಳದು ತಪ್ಪಲ್ಲ.

ಎಂಟನೆಯ ದಿನ ರೋಗಿ ಕೋಲು ಹಿಡಿದು ವಾರ್ಡಿನುದ್ದಕ್ಕೆ ನಡೆದ. ತೇರು ಆಗಿದೆ ಎಂಬುದು ಈಗ ಗೊತ್ತು. ಪಾದದ ಉರಿ ಮತ್ತು ಜೋಮು ಉಳಿದಿವೆ, ಕಾಲಿನ ನರ ಚೇತರಿಸಲು ತಿಂಗಳುಗಳೇ ಬೇಕು. ಆಮೇಲೆ ದಿನವೂ 100 ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟರು. ಕುಡಿತ ನಿಂತು ಊಟ ಹತ್ತಿದ ಕರುಳಿಗೆ ಮಾತ್ರೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಎಲ್ಲರದೂ ಹೀಗೆ ಮುಗಿಯುವುದಿಲ್ಲ. ತಡವಾಗಿ ಚಿಕಿತ್ಸೆ ಸಿಕ್ಕವರಲ್ಲಿ ಹಲವರಿಗೆ ಗೊಂದಲ ತಿಳಿಯಾದ ಮೇಲೆ ಅದರ ಕೆಳಗಿದ್ದ ಇನ್ನೊಂದು ಸ್ಥಿತಿ ಹೊರಗೆ ಕಾಣುತ್ತದೆ. ರಷ್ಯದ ಸೆರ್ಗೆಯ್ ಕೊರ್ಸಕೋವ್ 1887ರಿಂದ ವಿವರಿಸುತ್ತ ಬಂದ ಮರೆವು ಅದು. ರೋಗಿ ಚೆನ್ನಾಗಿ ಮಾತಾಡುತ್ತಾನೆ, ಹಳೆಯದೆಲ್ಲ ನೆನಪಿದೆ, ಹೊಸದು ಒಂದೂ ನಿಲ್ಲುವುದಿಲ್ಲ. ನಿನ್ನೆ ಎಲ್ಲಿದ್ದೆ ಎಂದರೆ ತಿಂಗಳಿನಿಂದ ಹಾಸಿಗೆಯಲ್ಲಿರುವವನು 'ಹರಪನಹಳ್ಳಿ ಸಂತೆಗೆ ಹೋಗಿದ್ದೆ, ಎರಡು ಕುರಿ ತಂದೆ' ಎನ್ನುತ್ತಾನೆ. ಸುಳ್ಳು ಹೇಳಬೇಕೆಂದು ಹೇಳುವುದಲ್ಲ. ನೆನಪಿನ ಖಾಲಿ ಜಾಗವನ್ನು ಮನಸ್ಸು ತಾನಾಗಿ ತುಂಬಿಕೊಳ್ಳುತ್ತದೆ. ಊರವರು ಅವನನ್ನು ಸುಳ್ಳುಗಾರ ಎಂದೋ ತಲೆಕೆಟ್ಟವನು ಎಂದೋ ಕರೆಯುತ್ತಾರೆ. ಅಂಥವನನ್ನು ಜೀವನಪರ್ಯಂತ ನೋಡಿಕೊಳ್ಳುವ ಹೊರೆ ಬೀಳುವುದು, ಹೊಲಮನೆ ಕೂಲಿ ಎಲ್ಲವನ್ನೂ ಅದುವರೆಗೆ ಒಬ್ಬಳೇ ಎಳೆದ ಹೆಂಡತಿಯ ಮೇಲೆ. ನನಗೆ ಅತಿ ನೋವೆನಿಸುವುದು ಇದೇ. ಮೊದಲ ದಿನದ ಕೆಲವು ಆಂಪೂಲುಗಳಲ್ಲಿ ತಡೆಯಬಹುದಾಗಿದ್ದ ಹೊರೆ ಅದು.

ಹೊಸಪೇಟೆ ಜಿಲ್ಲಾಕೇಂದ್ರವಾಗಿ 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೂ ಈ ಸೀಮೆಯ ತಾಲ್ಲೂಕುಗಳಲ್ಲಿ ಕಾಯಿಲೆ ಹೆಚ್ಚಾದವರು ಹಳೆಯ ದಾರಿಯಲ್ಲೇ ಹೋಗುತ್ತಾರೆ. ಕೂಡ್ಲಿಗಿಯವರು ಬಳ್ಳಾರಿಗೆ, ಇಪ್ಪತ್ತು ವರ್ಷ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯವರು ದಾವಣಗೆರೆಗೆ. ಆ ದಾರಿ ಗಂಟೆಗಟ್ಟಲೆಯದು. ಆಂಬುಲೆನ್ಸಿನಲ್ಲಿ ಹನಿಯುತ್ತಿರುವುದು ಬರೀ ಗ್ಲೂಕೋಸ್ ಆಗಿದ್ದರೆ ದೊಡ್ಡಾಸ್ಪತ್ರೆ ಮುಟ್ಟುವ ಹೊತ್ತಿಗೆ ಕಾಯಿಲೆ ಒಂದು ಮೆಟ್ಟಿಲು ಏರಿರಬಹುದು. ಮೊದಲ ಡೋಸ್ ತಾಲ್ಲೂಕು ಆಸ್ಪತ್ರೆಯಲ್ಲೇ ಬೀಳಬೇಕು. ಕಳಿಸುವ ಚೀಟಿಯಲ್ಲಿ ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ ಎಂದು ಬರೆದಿರಬೇಕು.

ಮನೆಯವರಿಗೆ ಒಂದು ಬಿನ್ನಹ. ಕುಡಿಯುವವರನ್ನು ಯಾವ ಕಾರಣಕ್ಕೇ ಆಸ್ಪತ್ರೆಗೆ ಸೇರಿಸಿ, ಕಾಲು ಮುರಿದೇ ಆಗಲಿ, ಜ್ವರಕ್ಕೇ ಆಗಲಿ, ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಯ ಸಲ ಕುಡಿದದ್ದು ಯಾವಾಗ, ಸರಿಯಾಗಿ ಉಂಡು ಎಷ್ಟು ದಿನವಾಯಿತು, ಕುಡಿಯದಿದ್ದರೂ ತೂರಾಡುತ್ತಾರೆಯೇ ಎಂಬುದನ್ನು ನೀವಾಗಿಯೇ ಹೇಳಿ. ಬಾಟ್ಲಿ ಏರಿಸುವ ಮುನ್ನ 'ಬಿ1 ಇಂಜೆಕ್ಷನ್ ಕೊಟ್ರಾ ಸಾರ್?' ಎಂದು ಕೇಳಿ. ಕುಡಿತ ಬಿಡಿಸುವ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಅಲ್ಲಿಯವರೆಗೆ ಹೋಗಲಾಗದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಕರೆಗೆ ದುಡ್ಡಿಲ್ಲ.